ಎರಡನೇ ಕೋಷ್ಟಕದ ಚೀಲ

ನಮ್ಮ ಲೇಖನದಲ್ಲಿ ತಪ್ಪಿದೆ ಎಂದು ಮೊದಲು ಕಂಡುಹಿಡಿದವಳು ಕಂಪ್ಲಿಯಲ್ಲಿ ಭತ್ತ ಬೆಳೆಯುವ ಜಂಬವ್ವ. ನಾಲ್ಕು ಜನರೆದುರು ಹೇಳದೆ, ಸಿದ್ದಲಿಂಗೇಶನನ್ನು ಹುಣಸೆಮರದ ಹಿಂದಕ್ಕೆ ಕರೆದುಕೊಂಡು ಹೋಗಿ ಹೇಳಿದಳಂತೆ. ಆ ಉಪಕಾರವನ್ನು ಅವನು ಆಗ ಗಮನಿಸಲಿಲ್ಲ.

ಸಿದ್ದಲಿಂಗೇಶ ನನ್ನ ಹಳೆಯ ಶಿಷ್ಯ. ಈಗ ಹೊಸಪೇಟೆಯ ಒಂದು ಕಾಲೇಜಿನಲ್ಲಿ ಅಧ್ಯಾಪಕ. ಭತ್ತವನ್ನು ನಾಟಿ ಮಾಡುವ ಇಪ್ಪತ್ತು ಜನರನ್ನೂ, ಕೂರಿಗೆಯಲ್ಲಿ ನೇರ ಬಿತ್ತುವ ಇಪ್ಪತ್ತು ಜನರನ್ನೂ ಹೋಲಿಸಿ, ಒಂದು ಕನ್ನಡ ಕೃಷಿ ವಿಜ್ಞಾನ ಪತ್ರಿಕೆಗೆ ಲೇಖನ ಬರೆದಿದ್ದ. ನಿವೃತ್ತಳಾದ ನಾನು ಸಂಖ್ಯಾಶಾಸ್ತ್ರದ ಲೆಕ್ಕ ನೋಡಿಕೊಟ್ಟಿದ್ದೆ, ಹಾಗಾಗಿ ಎರಡನೇ ಲೇಖಕಿ. ಬಿತ್ತನೆಗೆ ಆಳು ಕಡಿಮೆ ಸಾಕು, ಇಳುವರಿಯೂ ಹೆಚ್ಚು ಎಂದು ನಾವು ತೀರ್ಮಾನಿಸಿದ್ದೆವು.

ಜಂಬವ್ವ ಕೇಳಿದ್ದು ಇಷ್ಟೇ. ನಾಟಿ ಮಾಡಿದವರಿಗೆ ಎಕರೆಗೆ ನಲವತ್ತು ಚೀಲ ಬಂದರೆ, ಎರಡನೇ ಕೋಷ್ಟಕದಲ್ಲಿ ಎರಡು ಸಾವಿರದ ನಾನೂರು ಕಿಲೋ ಹೇಗಾಯಿತು?

ಸಿದ್ದಲಿಂಗೇಶ ಸಂಡೂರಿನವನು. ಅವರ ಮನೆಯಲ್ಲಿ ಜೋಳ ತುಂಬುವ ಚೀಲ ಅರವತ್ತು ಕಿಲೋದ್ದು. ನಾಟಿಯವರನ್ನು ಕೇಳಿಬಂದವನು ಅವನು, ಅರವತ್ತರಿಂದ ಗುಣಿಸಿದ್ದ. ಬಿತ್ತನೆಯವರನ್ನು ಕೇಳಿಬಂದವನು ನಮ್ಮ ಮೂರನೇ ಲೇಖಕ ಮೌನೇಶ, ಕಂಪ್ಲಿಯ ಹುಡುಗ. ಅಲ್ಲಿ ಭತ್ತದ ಚೀಲವೆಂದರೆ ಎಪ್ಪತ್ತೈದು. ಹಾಗೆಂದು ಯಾರೂ ಯಾರಿಗೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಚೀಲ ಎಷ್ಟು ಕಿಲೋದ್ದು ಎಂದು ನಾನೂ ಕೇಳಿರಲಿಲ್ಲ.

ಸಿದ್ದಲಿಂಗೇಶ ಮರುದಿನ ಬೆಳಿಗ್ಗೆ ತಿದ್ದುಪಡಿ ಸೂಚನೆಯ ಕರಡು ತಂದ. “ಎರಡನೇ ಕೋಷ್ಟಕದಲ್ಲಿ ಅಂಕಿಗಳ ದೋಷವಿದ್ದು, ವಿಷಾದಿಸುತ್ತೇವೆ. ತೀರ್ಮಾನಗಳಲ್ಲಿ ಬದಲಾವಣೆಯಿಲ್ಲ.” ಮುಂದಿನ ತಿಂಗಳು ಅವನ ಬಡ್ತಿಯ ಸಂದರ್ಶನ. ತೀರ್ಮಾನ ಬದಲಾಯಿತೆಂದರೆ ಸಂಪಾದಕರು ಲೇಖನವನ್ನೇ ಹಿಂದಕ್ಕೆ ತೆಗೆದುಕೊಂಡಾರು ಎಂಬ ಹೆದರಿಕೆ.

ನಾನು ಬಯ್ಯಲಿಲ್ಲ. ಎಲ್ಲ ಲೇಖಕರೂ ಒಪ್ಪದೆ ಪತ್ರಿಕೆ ತಿದ್ದುಪಡಿ ಹಾಕುವುದಿಲ್ಲ, ಮೌನೇಶ ಒಪ್ಪಿದ್ದಾನೆ, ನಾನೂ ಒಪ್ಪುತ್ತೇನೆ, ಆದರೆ ಮೊದಲು ಇದನ್ನು ಜಂಬವ್ವ ಕೇಳಿಸಿಕೊಳ್ಳಲಿ ಎಂದೆ. ಕಾಫಿ ಕುಡಿಸಿ ಅವಳಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದೆ. ಕಾಲುವೆಗೆ ನೀರು ಬಿಡುವ ವಾರ ಅದು. ಅವನು ಓದಿದ.

ಅತ್ತಲಿಂದ ಜಂಬವ್ವ ಕೇಳಿದಳು.

“ಓದಿದ್ದು ಭಾಳ ಚಲೋ ಆತ್ರಿ ಸರ. ಈಗ ನನ್ನ ನಾಕು ಎಕರೆ ನಾಟಿ ಮಾಡ್ಲೋ, ಕೂರಿಗಿ ಹಚ್ಲೋ?”

“ಅದು ಈ ಸೂಚನೆಯೊಳಗ ಬರಲ್ಲವ್ವಾ.”

“ಹಂಗಾರ ಇದು ಯಾರಿಗೆ ಬರದೀರಿ? ನಿಮಗ ನೀವ ಬರಕೊಂಡೀರೇನು?”

ಫೋನ್ ಇಟ್ಟ ಮೇಲೆ ಅವನು ನನ್ನ ಕಡೆ ನೋಡಿದ. ನಾನು ಲೋಟ ತೊಳೆಯಲು ಎದ್ದೆ.

ಆಮೇಲೆ ಎರಡು ದಿನ ಮೂವರೂ ಕೂತು ನಲವತ್ತು ಮನೆಗಳಿಗೂ ಫೋನ್ ಮಾಡಿ ಚೀಲದ ತೂಕ ಕೇಳಿದೆವು. ಎಲ್ಲರದೂ ಎಪ್ಪತ್ತೈದೇ. ಚೀಲಗಳ ಸಂಖ್ಯೆ ಹಳೆಯ ನೋಟ್‌ಬುಕ್ಕಿನಲ್ಲಿ ಭದ್ರವಾಗಿತ್ತು. ಮಲಪನಗುಡಿಯ ಕಾಳಪ್ಪ ಮಾತ್ರ, ಇಷ್ಟು ದಿನ ಭತ್ತ ತೂಗದೆ ಪುಸ್ತಕ ತೂಗುತ್ತಿದ್ದಿರಾ ಎಂದು ಕೇಳಿ, ಊಟಕ್ಕೂ ಕರೆದ.

ಲೆಕ್ಕ ಮತ್ತೆ ಹಾಕಿದೆ. ಎಕರೆಗೆ ನಾಟಿ ಮೂರು ಸಾವಿರ ಕಿಲೋ, ಬಿತ್ತನೆ ಮೊದಲಿದ್ದಂತೆಯೇ ಎರಡು ಸಾವಿರದ ಏಳುನೂರು. ಹೆಚ್ಚು ಎಂದದ್ದು ಶೇಕಡಾ ಹತ್ತು ಕಡಿಮೆಯಾಗಿತ್ತು. ಆಳಿನ ಲೆಕ್ಕ ಬೇರೆ ಕೋಷ್ಟಕದ್ದು, ಅದು ಅಲುಗಲಿಲ್ಲ.

ಹೊಸ ಕರಡು ಸಿದ್ದಲಿಂಗೇಶನೇ ಬರೆದ. ಎರಡನೇ ಕೋಷ್ಟಕದ ನಾಟಿಯ ಸಾಲಿನಲ್ಲಿ ಚೀಲವನ್ನು ಎಪ್ಪತ್ತೈದರ ಬದಲು ಅರವತ್ತು ಕಿಲೋ ಎಂದು ಎಣಿಸಲಾಗಿತ್ತು. ಸರಿಯಾದ ಅಂಕಿ ಇದು. ಬಿತ್ತನೆಯಿಂದ ಇಳುವರಿ ಹೆಚ್ಚು ಎಂಬ ತೀರ್ಮಾನ ನಿಲ್ಲುವುದಿಲ್ಲ, ಇಳುವರಿ ಕಡಿಮೆಯೇ. ಆಳು ಉಳಿಯುತ್ತದೆ ಎಂಬ ತೀರ್ಮಾನ ಹಾಗೆಯೇ ಇದೆ. ಸಾರಾಂಶದ ಕೊನೆಯ ವಾಕ್ಯವನ್ನೂ ಬದಲಿಸಬೇಕು. ತಪ್ಪು ತೋರಿಸಿದ ಓದುಗರಾದ ಜಂಬವ್ವನವರಿಗೆ, ಅವರ ಒಪ್ಪಿಗೆಯೊಂದಿಗೆ, ಕೃತಜ್ಞತೆ.

ಇದನ್ನು ಓದಿ ಕೇಳಿಸಿದಾಗ ಜಂಬವ್ವ, ಆಳು ಸಿಗುವ ಎರಡು ಎಕರೆಗೆ ನಾಟಿ, ಉಳಿದದ್ದಕ್ಕೆ ಕೂರಿಗೆ ಎಂದು ಅಲ್ಲೇ ತೀರ್ಮಾನಿಸಿದಳು.

ಸಂಪಾದಕರು ಅದನ್ನು ಇನ್ನೊಬ್ಬ ಪರಿಶೀಲಕರಿಗೆ ಕಳಿಸಿದರು. ಹತ್ತು ದಿನ ಸಿದ್ದಲಿಂಗೇಶ ಸರಿಯಾಗಿ ಉಣ್ಣಲಿಲ್ಲ. ನಾನು ಒಗ್ಗರಣೆ ಮಂಡಕ್ಕಿ ಮಾಡಿ ಕಳಿಸುತ್ತಿದ್ದೆ. ಡಬ್ಬಿ ಮಾತ್ರ ಖಾಲಿಯಾಗಿಯೇ ಬರುತ್ತಿತ್ತು. ಮೌನೇಶ ಅವನ ಪಕ್ಕದ ಮೇಜಿನಲ್ಲೇ ಕೂರುತ್ತಾನೆ.

ಉತ್ತರ ಬಂತು. ಪ್ರಾಮಾಣಿಕ ತಪ್ಪು, ಮೂಲ ದಾಖಲೆ ಇದೆ, ಮುಖ್ಯ ಪ್ರಶ್ನೆ ಆಳಿನದು. ಲೇಖನ ಉಳಿಯಲಿ, ಸೂಚನೆ ಅದಕ್ಕೆ ಜೋಡಣೆಯಾಗಲಿ. ಸಂದರ್ಶನಕ್ಕೆ ಅವನು ಲೇಖನದ ಜೊತೆ ಸೂಚನೆಯನ್ನೂ ಲಗತ್ತಿಸಿದ.

ಸೂಚನೆ ಅಚ್ಚಾದ ದಿನ ಜಂಬವ್ವನ ಫೋನು.

“ಓದುಗರು ಅಂತ ಹಾಕೀರಲ್ರಿ, ಓದಿದಾಕಿ ನನ್ನ ಸೊಸಿ ತುಳಸಿ. ಕೇಳಿ ನಕ್ಕಾಕಿ ನಾನು. ಇದು ತಪ್ಪಲ್ಲೇನು?”

ಸಿದ್ದಲಿಂಗೇಶ ನನ್ನ ಎದುರೇ ಲ್ಯಾಪ್‌ಟಾಪ್ ತೆರೆದು, ತಿದ್ದುಪಡಿಗೆ ತಿದ್ದುಪಡಿ ಹಾಕಲು ಅವಕಾಶವಿದೆಯೇ ಎಂದು ಸಂಪಾದಕರಿಗೆ ಬರೆಯತೊಡಗಿದ.