ಹುಲುಗಮ್ಮನ ಹುಬ್ಬು

ಹುಲುಗಮ್ಮ ಕರಪತ್ರದ ಕಟ್ಟನ್ನು ಸ್ಟುಡಿಯೊದ ಗಾಜಿನ ಮೇಜಿನ ಮೇಲಿಟ್ಟು ಕೇಳಿದಳು: "ಈಕಿ ಯಾರ್ರಿ?"

ಹೊಸಪೇಟೆ ಬಸ್ ನಿಲ್ದಾಣದ ಎದುರಿನ ಆ ಸ್ಟುಡಿಯೊದಲ್ಲಿ ಪಲ್ಲವಿ ಕಂಪ್ಯೂಟರಿನಲ್ಲಿ ಫೋಟೊ ತಿದ್ದುವ ಕೆಲಸ ಮಾಡುತ್ತಿದ್ದಳು. ಈ ಫೋಟೊವನ್ನು ಮಾತ್ರ ಮಾಲೀಕ ವೀರೇಶನೇ ತಿದ್ದಿದ್ದ. ಸಂಡೂರು ಕಡೆಯ ಊರೊಂದರಲ್ಲಿ ಕೂಲಿ ಮಾಡುವ ಹುಲುಗಮ್ಮ ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತಿದ್ದಳು. ಅದಿರು ಲಾರಿಗಳು ಊರೊಳಗಿನಿಂದ ಹೋಗಬಾರದೆಂದು ರಸ್ತೆಗೆ ಅಡ್ಡ ಕೂತವಳು ಅವಳೇ. ಕರಪತ್ರದಲ್ಲಿ ಅವಳ ಹುಬ್ಬು ಕಮಾನಿನಂತಿತ್ತು, ತುಟಿಗೆ ಕೆಂಪು ಗೆರೆ ಎಳೆದಿತ್ತು, ಕಣ್ಣಿನ ಬಿಳಿ ಸುಣ್ಣ ಬಳಿದಂತೆ ಹೊಳೆಯುತ್ತಿತ್ತು.

"ಮಸ್ತ್ ಬಂದೈತಲ್ರಿ," ಎಂದ ವೀರೇಶ.

"ನಮ್ಮ ಓಣ್ಯಾಗ ಹಂಚಿವಿ. ಗಣಿಯವರ ರೊಕ್ಕ ತಗೊಂಡು ಪಾರ್ಲರಿಗೆ ಹೋಗಿ ಬಂದಾಳ ಅಂತ ಸುದ್ದಿ ಹಬ್ಬಿಸ್ಯಾರ. ಪಕ್ಕದ ಮನಿ ಹೊಳೆಮ್ಮನೂ ನನ್ನ ಮುಖ ಮುಖ ನೋಡಾಕತ್ತಾಳ."

ಅವಳ ಗಂಡ ಹೊನ್ನೂರಪ್ಪ ಬಾಗಿಲಲ್ಲೇ ನಿಂತು ಒಳಗೂ ಹೊರಗೂ ನೋಡುತ್ತಿದ್ದ. ಪ್ರಚಾರ ನಾಳೆ ಮುಗಿಯುತ್ತದೆ. ಸಂಜೆಯೊಳಗೆ ಹೊಸದು ಪ್ರೆಸ್ಸಿಗೆ ಹೋಗದಿದ್ದರೆ ಊರಿಗೆ ತಲುಪುವುದಿಲ್ಲ.

ವೀರೇಶ ಮದುವೆ ಆಲ್ಬಮ್ಮಿನ ಗಿರಾಕಿಯ ಕಡೆ ತಿರುಗಿದ. ಪಲ್ಲವಿ ಕುರ್ಚಿ ಎಳೆದಳು. "ಕುಂದ್ರಿ ಅಕ್ಕ. ಮೊದಲಿನ ಫೋಟೊ ಐತಿ."

ತಿದ್ದದ ಫೋಟೊ ತೆರೆಯುತ್ತಲೇ ಹೊನ್ನೂರಪ್ಪ ಮುಖ ಗಂಟಿಕ್ಕಿದ. "ಹಿಂಗೂ ಬ್ಯಾಡ. ಜ್ವರ ಬಂದು ಮಲಗಿ ಎದ್ದಾಂಗ ಕಾಣ್ತಾಳ."

ಅದೂ ನಿಜವೇ. ಮೇಲಿನಿಂದ ಬಿದ್ದ ಬಿಸಿಲಿಗೆ ಕಣ್ಣು ನೆರಳಲ್ಲಿ ಮುಳುಗಿತ್ತು, ಧೂಳಿಗೆ ಕೆಂಪಾಗಿತ್ತು. ಒಣಗಿದ ತುಟಿಯ ಅಂಚು ಚರ್ಮದೊಳಗೆ ಕರಗಿಹೋಗಿತ್ತು.

ಪಲ್ಲವಿ ಮೂಲ ಫೋಟೊವನ್ನು ಮುಟ್ಟದೆ ಅದರ ಮೇಲೆ ಪಾರದರ್ಶಕ ಹಾಳೆಗಳಂಥ ಬೇರೆ ಬೇರೆ ಪದರ ತೆರೆದಳು. ಕಣ್ಣಿನ ಬಿಳಿಯಲ್ಲಿ ಕೆಂಪನ್ನಷ್ಟೇ ತುಸು ಇಳಿಸಿದಳು. ಸಣ್ಣ ನರಗಳನ್ನೂ ರೆಪ್ಪೆಯ ಕೆಳಗಿನ ನೆರಳನ್ನೂ ಬಿಟ್ಟಳು. ಕಣ್ಣಪಾಪೆಯ ಸುತ್ತಲಿನ ಕಂದು ಬಳೆಯಲ್ಲಿ ಬೆಳಕಿನ ಚುಕ್ಕೆ ಇದ್ದ ಜಾಗಕ್ಕೆ ಎದುರು ಬದಿಯನ್ನು ಸ್ವಲ್ಪ ತಿಳಿಯಾಗಿಸಿದಳು. ತುಟಿಯ ನಡುವಿನ ಬಣ್ಣವನ್ನೇ ಎತ್ತಿಕೊಂಡು, ಅಂಚು ಕರಗಿದ್ದ ಕಡೆ ಮಾತ್ರ ಮೆತ್ತನೆ ಬ್ರಷ್ಷಿನಿಂದ ತೆಳುವಾಗಿ ಸವರಿದಳು. ಗೆರೆ ಎಳೆಯಲಿಲ್ಲ; ತುಟಿಯ ಬಿರುಕು ಹಾಗೇ ಉಳಿಯಿತು.

ಹುಬ್ಬಿಗೆ ಬಂದಾಗ ಅಲ್ಲಿನ ಕೂದಲಿನದೇ ಕಂದುಗಪ್ಪು ಆರಿಸಿ, ತೀರಾ ಸಣ್ಣ ಬ್ರಷ್ಷಿನಿಂದ, ಕೂದಲು ಬೆಳೆಯುವ ದಿಕ್ಕಿಗೇ ಎಳೆ ಎಳೆಯಾಗಿ ಗೀರಿದಳು. ತೆಳುವಾದಲ್ಲೆಲ್ಲ ತುಂಬುತ್ತ ಎಡಹುಬ್ಬಿನ ಒಂದು ಸಂದನ್ನೂ ಮುಚ್ಚಿಬಿಟ್ಟಳು.

"ಅದನ್ನ ಮುಚ್ಚಬ್ಯಾಡ ತಂಗಿ," ಎಂದಳು ಹುಲುಗಮ್ಮ. "ಲಾರಿ ಗಾಲಿಗೆ ಸಿಕ್ಕ ಕಲ್ಲು ಸಿಡಿದು ಬಡಿದಿದ್ದು. ಊರಿಗೆಲ್ಲ ಗೊತ್ತೈತಿ."

ಪಲ್ಲವಿ ಕೂಡಲೇ ಆ ಸಂದಿನ ಮೇಲಿನ ಗೀರುಗಳನ್ನು ಅಳಿಸಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿಯ ಯುಪಿಎಸ್ ಕೀ ಕೀ ಎಂದು ಕೂಗತೊಡಗಿತು. ಅವಳು ಮೊದಲು ಫೈಲ್ ಉಳಿಸಿದಳು. ಕಂಪ್ಯೂಟರ್ ಆರಿಸಿದ ಮೇಲೆ ಮೂವರೂ ಕತ್ತಲೆಯಲ್ಲಿ ಫ್ಯಾನಿಲ್ಲದೆ ಕೂತರು. ಹೊನ್ನೂರಪ್ಪ ನಾಲ್ಕು ಸಲ ಹೊರಗೆ ಹೋಗಿ ಬಂದ.

ಕರೆಂಟು ಬಂದಾಗ ಪಲ್ಲವಿ ಕರಪತ್ರದಲ್ಲಿ ಬರುವ ಅಳತೆಗೆ ಫೋಟೊವನ್ನು ಕುಗ್ಗಿಸಿ ನೋಡಿದಳು. ಮೇಲಿನ ಪದರಗಳನ್ನು ಮುಚ್ಚಿದಳು, ತೆರೆದಳು. ಕಣ್ಣು ಇನ್ನೂ ಮುಖಕ್ಕಿಂತ ಮುಂದೆ ಬಂದಂತಿತ್ತು. ಕಣ್ಣಿನ ಪದರದ ಗಾಢತೆಯನ್ನು ಅರ್ಧಕ್ಕಿಳಿಸಿದಳು. ಈಗ ಎಲ್ಲಿ ಕೈಯಾಡಿಸಿದೆ ಎಂದು ಅವಳಿಗೇ ಹುಡುಕಬೇಕಾಯಿತು. ಏನೂ ಮಾಡಿಲ್ಲವೇನೋ ಎಂಬ ಅಳುಕೂ ಹುಟ್ಟಿತು.

ಪಲ್ಲವಿ ತೆಗೆದುಕೊಟ್ಟ ಪ್ರಿಂಟನ್ನು ಹುಲುಗಮ್ಮ ಬಹಳ ಹೊತ್ತು ನೋಡಿದಳು. "ನನಗ ತಿಳಿಯವಲ್ದು. ನಮ್ಮೂರಿನ ಶಾಂತಕ್ಕ ನಿಲ್ದಾಣದಾಗ ಬಾಳೆಹಣ್ಣು ಮಾರ್ತಾಳ. ಆಕಿಗೆ ತೋರ್ಸೋಣು."

ಪಲ್ಲವಿಯೂ ಜೊತೆಗೆ ಓಡಿದಳು. ಶಾಂತಕ್ಕ ಕೈಯೊರೆಸಿ ಪ್ರಿಂಟ್ ಹಿಡಿದಳು.

"ನಿನ್ನ ಫೋಟೊ. ಯಾವಾಗ ತೆಗಿಸಿದಿ? ಅವತ್ತು ಚೊಲೋ ನಿದ್ದಿ ಮಾಡಿದ್ದಿ ಕಾಣ್ತೈತಿ."

"ತುಟಿಗೆ ಬಣ್ಣ ಹಚ್ಚೇನೇನು ಇದ್ರಾಗ?" ಕೇಳಿದಳು ಹುಲುಗಮ್ಮ.

"ನೀ ಯಾವಾಗ ಹಚ್ಚಿದಿ ಬಿಡ," ಎಂದು ಶಾಂತಕ್ಕ ಗಿರಾಕಿಯ ಕಡೆ ತಿರುಗಿದಳು.

ಹುಲುಗಮ್ಮ ನಕ್ಕದ್ದನ್ನು ಪಲ್ಲವಿ ಅಂದು ಮೊದಲ ಸಲ ನೋಡಿದಳು. ಪ್ರೆಸ್ಸಿನ ಬಾಗಿಲು ಮುಚ್ಚುವ ಮುಂಚೆ ಫೋಟೊ ತುಂಬಿದ ಸಿ.ಡಿ. ತಲುಪಿತು.

ಮತ ಎಣಿಕೆಯ ದಿನ ಪಲ್ಲವಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮಧ್ಯಾಹ್ನ ಹೊನ್ನೂರಪ್ಪನ ಫೋನ್ ಬಂತು. ಹಿಂದೆ ಲಾರಿಗಳ ಸದ್ದು. ಮಾತು ಅರ್ಧಂಬರ್ಧ ಕೇಳಿಸುತ್ತಿತ್ತು.

"ಆರಿಸಿ ಬಂದ್ಲವ್ವ. ಭಾಳ ಕಡಿಮಿ ವೋಟಿನಾಗ."

"ಅಕ್ಕ ಎಲ್ಲಿದ್ದಾರ್ರಿ? ಕೊಡ್ರಿ."

"ಇಲ್ಲಿಲ್ಲ. ಹಾರ ಹಾಕಿಸ್ಕೊಂಡಾಕಿ ಹಂಗೇ ರಸ್ತಿಗೆ ಹೋಗ್ಯಾಳ, ಲಾರಿ ನಿಂದ್ರಸಾಕ."