ಅತ್ತೆಯ ಬಾಡಿಗೆದಾರರು

ನಮ್ಮವರಿಗೆ ಶಾಲೆಯ ವ್ಯಾನ್ ಓಡಿಸುವ ಕೆಲಸ ಸಿಕ್ಕಿತು. ಮದುವೆಯಾದಾಗಿನಿಂದ ಲಾರಿ ಓಡಿಸಿಕೊಂಡು, ವಾರಕ್ಕೊಮ್ಮೆ ಮನೆಗೆ ಬಂದು, ಬಂದ ದಿನವೆಲ್ಲ ಗೊರಕೆ ಹೊಡೆದು ಮತ್ತೆ ಹೋಗಿಬಿಡುತ್ತಿದ್ದ ಮನುಷ್ಯ ಇನ್ನು ಮೇಲೆ ದಿನಾ ಸಂಜೆ ಮನೆಯಲ್ಲಿರುತ್ತಾರೆ ಎಂದರೆ ನನಗೆ ಎಷ್ಟು ಖುಷಿ ಆಗಿರಬೇಕು ನೀವೇ ಯೋಚಿಸಿ. ಆದರೆ ಶಾಲೆಯವರು ಎರಡು ಷರತ್ತು ಹಾಕಿದರು. ಸಂಬಳ ಬೀಳಲು ಅವರು ಹೇಳಿದ ಬ್ಯಾಂಕಿನಲ್ಲಿ ಖಾತೆ ಇರಬೇಕು. ಗುರುತಿನ ಚೀಟಿಯಲ್ಲಿ ಈಗಿರುವ ಮನೆಯ ವಿಳಾಸವೇ ಇರಬೇಕು, ಅವರ ಕಡೆಯವರು ಬಂದು ಮನೆ ನೋಡಿ ಹೋಗುತ್ತಾರೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವವನು ಎಲ್ಲಿ ಮಲಗುತ್ತಾನೆ ಎಂದು ಗೊತ್ತಿರಬೇಕಲ್ಲ. ನ್ಯಾಯವಾದ ಮಾತೇ. ಶಾಲೆ ಶುರುವಾಗುವುದರೊಳಗೆ ಎರಡೂ ಆಗಬೇಕಿತ್ತು, ಇಲ್ಲದಿದ್ದರೆ ಬೇರೆ ಡ್ರೈವರ್.

ನಮ್ಮವರ ಚೀಟಿಯಲ್ಲಿದ್ದದ್ದು ಹಳೇ ಲಾರಿ ಮಾಲೀಕನ ಶೆಡ್ಡಿನ ವಿಳಾಸ. ಆ ಶೆಡ್ಡೂ ಈಗಿಲ್ಲ, ಮಾಲೀಕನೂ ಇಲ್ಲ.

ನಮ್ಮದು ಮಾವ ಕಟ್ಟಿಸಿದ ಮನೆ. ಕೆಳಗೊಂದು ಬಾಗಿಲು, ಮೇಲೊಂದು ಬಾಗಿಲು. ಕೆಳಗಿನದು ಹದಿನಾಲ್ಕು, ಮೇಲಿನದು ಹದಿನಾಲ್ಕು ಬಾರ್ ಒಂದು. ಮೊದಲು ನಾವು ಮೇಲಿದ್ದೆವು, ಮೈದುನನ ಸಂಸಾರ ಕೆಳಗೆ. ನಮ್ಮ ಜೊತೆ ಇದ್ದ ಅತ್ತೆಗೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಲಾಗದೆ ಹೋದಾಗ ಅಣ್ಣತಮ್ಮ ಮನೆ ಅದಲುಬದಲು ಮಾಡಿಕೊಂಡರು. ಮಂಚ ಇಳಿಯಿತು, ಬೀರು ಹತ್ತಿತು, ಪಾತ್ರೆಪಗಡೆ ಎಲ್ಲ ಹೋಯಿತು ಬಂತು. ಕರೆಂಟ್ ಮೀಟರುಗಳು ಮಾತ್ರ ತಮ್ಮ ತಮ್ಮ ಗೋಡೆಯಲ್ಲೇ ಉಳಿದವು. ಮೇಲಿನ ಮೀಟರು ನಮ್ಮವರ ಹೆಸರಿನದು. ಕೆಳಗಿನದು ಮಾವನ ಹೆಸರಿನದು. ಮಾವ ತೀರಿಕೊಂಡು ಎಷ್ಟೋ ವರ್ಷವಾಯಿತು, ಕರೆಂಟಿನವರ ಪಾಲಿಗೆ ಮಾತ್ರ ಇನ್ನೂ ಫ್ಯಾನ್ ಹಾಕಿಕೊಂಡು ಕೂತಿದ್ದಾರೆ. ಮನೆ ಕಂದಾಯದ ರಸೀದಿ ಅತ್ತೆಯ ಹೆಸರಿನಲ್ಲಿ ಬರುತ್ತದೆ. ಯಾರೂ ಏನನ್ನೂ ಬದಲಾಯಿಸಲಿಲ್ಲ. ಬಾಗಿಲಿಗೆ ಬಂದ ಬಿಲ್ಲನ್ನು ಆ ಬಾಗಿಲಿನವರು ಕಟ್ಟಿದರೆ ಆಯಿತಲ್ಲ ಎಂದುಕೊಂಡಿದ್ದೆವು.

ಇನ್ನೊಂದು ವಿಷಯ ಹೇಳಲೇಬೇಕು. ಆ ಹೊತ್ತಿಗೆ ನನಗೂ ಮೇಲಿನ ವಾರಗಿತ್ತಿಗೂ ಮಾತಿರಲಿಲ್ಲ. ನಾನು ಟೈಲರ್. ಹೊಲಿದು ಇಸ್ತ್ರಿ ಮಾಡಿ ಬಾಗಿಲ ಮುಂದೆ ನೇತುಹಾಕಿದ್ದ ಗಿರಾಕಿಯ ಉಡುಪಿನ ಮೇಲೆ ಇವಳು ಮೇಲಿನಿಂದ ನೆಲ ಒರೆಸಿದ ನೀರು ಚೆಲ್ಲಿದಳು. ನಾನು ಅಂದೆ, ಅವಳೂ ಅಂದಳು. ಬೀದಿಯವರು ನಿಂತು ಕೇಳಿದರು. ಆಮೇಲೆ ಏನಾದರೂ ಹೇಳುವುದಿದ್ದರೆ ಅತ್ತೆಯ ಮೂಲಕ. "ಅತ್ತೆ, ಅವಳಿಗೆ ಹೇಳಿ, ಟ್ಯಾಂಕ್ ತುಂಬಿ ಹರೀತಿದೆ." ಮೇಲಿನಿಂದ: "ಅತ್ತೆ, ಅವರಿಗೆ ಹೇಳಿ, ನನಗೂ ಕಿವಿ ಇದೆ." ಅತ್ತೆ ಇಬ್ಬರ ಮಧ್ಯೆ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತು ನಗುತ್ತಿದ್ದರು.

ಈಗ ಅಲ್ಲಿ ನಾವಿಲ್ಲವಲ್ಲ ಎಂದ ನನ್ನ ಮಾತು ಕೇಳದೆ ನಮ್ಮವರು, ತಮ್ಮ ಹೆಸರಿದೆ ಎಂದು ಮೇಲಿನ ಮನೆಯ ಕರೆಂಟ್ ಬಿಲ್ ಹಿಡಿದುಕೊಂಡು ಬ್ಯಾಂಕಿಗೆ ಹೋದರು. ಬ್ಯಾಂಕಿನ ಹುಡುಗಿ ತಾರೀಕು ನೋಡಿದಳು. ಎರಡು ತಿಂಗಳಿಗಿಂತ ಹಳೆಯದಾಗಿರಲಿಲ್ಲ, ಹೆಸರು ಸರಿಯಿತ್ತು. "ಸದ್ಯಕ್ಕೆ ಇದು ನಡೆಯತ್ತೆ. ಮೂರು ತಿಂಗಳೊಳಗೆ ಈ ವಿಳಾಸ ಇರೋ ಗುರುತಿನ ಚೀಟಿ ತಂದು ಕೊಡಬೇಕು" ಎಂದು ಖಾತೆ ತೆರೆದುಕೊಟ್ಟಳು. ಇವರು ಗೆದ್ದವರ ಹಾಗೆ ಮನೆಗೆ ಬಂದರು. "ನೋಡಿದ್ಯಾ ಕುಕ್ಕರ್, ಸುಮ್ನೆ ಕೂಗ್ತಿದ್ದೆ." ಕುಕ್ಕರ್ ಎಂಬುದು ಮೈದುನ ನನಗಿಟ್ಟ ಹೆಸರು. ಗಂಡನಾದವನು ಅದನ್ನು ಎತ್ತಿಕೊಂಡಿದ್ದು ತಪ್ಪು, ಇರಲಿ.

ಬ್ಯಾಂಕಿನ ಕಾರ್ಡು ಅಂಚೆಯಲ್ಲಿ ಬಂತು. ಎಲ್ಲಿಗೆ? ಬಿಲ್ಲಿನಲ್ಲಿದ್ದ ಹದಿನಾಲ್ಕು ಬಾರ್ ಒಂದಕ್ಕೆ. ಪೋಸ್ಟ್‌ಮ್ಯಾನ್ ಹೊಸಬ. ವಾರಗಿತ್ತಿ ಬಾಗಿಲು ತೆಗೆದು "ಅವರು ಇಲ್ಲಿ ವಾಸ ಇಲ್ಲ" ಎಂದಳು. ಕಾರ್ಡು ಬಂದ ದಾರಿ ಹಿಡಿಯಿತು. ಬ್ಯಾಂಕಿನಿಂದ ಫೋನ್ ಬಂತು, ವಿಳಾಸದಲ್ಲಿ ನೀವಿಲ್ಲವಂತೆ, ಸರಿಯಾದ ಪುರಾವೆ ಕೊಡುವವರೆಗೆ ಖಾತೆ ನಡೆಯುವುದಿಲ್ಲ ಎಂದು.

ನನ್ನ ರಕ್ತ ಕುದಿಯಿತು. ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದೆ. "ಅತ್ತೆ, ಅವಳನ್ನ ಕೇಳಿ! ಭಾವನ ಹೊಟ್ಟೆ ಮೇಲೆ ಹೊಡೆದು ಏನ್ ಸಿಕ್ತಂತೆ ಅವಳಿಗೆ?"

ಮೇಲಿನಿಂದ ತಣ್ಣಗೆ ಉತ್ತರ ಬಂತು. "ಅತ್ತೆ, ಅವರಿಗೆ ಹೇಳಿ. ಪೋಸ್ಟ್‌ಮ್ಯಾನ್ ಕೇಳಿದ್ದು ಅವರು ಇಲ್ಲಿ ವಾಸ ಇದಾರಾ ಅಂತ. ಇದಾರಾ? ಸರ್ಕಾರದವರ ಹತ್ರ ನಾನು ಸುಳ್ಳು ಹೇಳ್ಬೇಕಾ?"

ಹಾಳಾದವಳು ಹೇಳಿದ್ದು ನಿಜವೇ ಆಗಿತ್ತು.

ಮರುದಿನ ಹೊಲಿಗೆ ಬದಿಗಿಟ್ಟು ನಾನೇ ಹೊರಟೆ. ಬ್ಯಾಂಕಿನ ಹುಡುಗಿಯ ಮುಂದೆ ಕಂದಾಯದ ರಸೀದಿ ಇಟ್ಟೆ.

"ಇದು ನಡೆಯತ್ತೆ" ಎಂದಳು.

"ಅಬ್ಬಾ."

"ಆದ್ರೆ ಹೆಣ್ಣುಮಗಳ ಹೆಸರಿದೆಯಲ್ಲ? ಖಾತೆ ಯಾರಿಗೆ?"

"ಅದು ನಮ್ಮತ್ತೆ. ಖಾತೆ ಅವರ ಮಗನಿಗೆ."

"ಹಾಗಾದ್ರೆ ಅತ್ತೆ ಬಂದ್ರೆ ಅತ್ತೆಗೆ ಖಾತೆ ಮಾಡಿಕೊಡ್ತೀನಿ."

"ಅತ್ತೆ ವ್ಯಾನ್ ಓಡಿಸಲ್ಲ ಕಣಮ್ಮ! ಬಾಡಿಗೆ ಕರಾರು ತಂದ್ರೆ?"

"ನಮ್ಮಲ್ಲಿ ಬಾಡಿಗೆ ಕರಾರು ನಡೆಯಲ್ಲ. ಗುರುತಿನ ಚೀಟಿ ಕೇಂದ್ರದಲ್ಲಿ ನಡೆಯತ್ತೆ. ಅಲ್ಲಿ ವಿಳಾಸ ಬದಲಾಯಿಸಿಕೊಂಡು ಆ ಚೀಟಿ ತನ್ನಿ, ಬೇರೆ ಏನೂ ಬೇಡ."

ಚೀಟಿ ಕೇಂದ್ರದವನು ಕನ್ನಡಕದ ಮೇಲಿಂದ ನೋಡಿ ಬೇರೆ ರಾಗ ತೆಗೆದ. "ಕರೆಂಟ್ ಬಿಲ್ಲು ಮೂರು ತಿಂಗಳ ಒಳಗಿನದು, ಕಂದಾಯ ರಸೀದಿ ಒಂದು ವರ್ಷದ ಒಳಗಿನದು. ಎರಡೂ ಅವರದೇ ಹೆಸರಿನಲ್ಲಿರಬೇಕು. ಬಾಡಿಗೆ ಕರಾರು ಆದ್ರೆ ನೋಂದಣಿ ಆಗಿರಬೇಕು. ಬರೀ ಛಾಪಾ ಕಾಗದದ ಮೇಲೆ ಬರ್ಕೊಂಡು ಬಂದ್ರೆ ತಗೊಳ್ಳಲ್ಲ."

"ತಾಯಿ ಮನೇಲಿ ಮಗ ಇರೋಕೆ ಇದೆಲ್ಲ ಬೇಕಾ?"

"ತಾಯಿ ಚೀಟೀಲಿ ಇದೇ ವಿಳಾಸ ಇದ್ರೆ ಅದರ ಮೇಲೇ ಮಾಡ್ಬಹುದು."

ಅತ್ತೆಯ ಚೀಟಿಯಲ್ಲಿ ಇನ್ನೂ ಅವರು ಹುಟ್ಟಿದ ಊರಿನ ವಿಳಾಸವೇ ಇದೆ. ಮೊದಲು ರಸೀದಿ ಕೊಟ್ಟು ಅವರದನ್ನು ಬದಲಾಯಿಸಿ, ಅದು ಬಂದ ಮೇಲೆ ಇವರದು. ಅಷ್ಟರಲ್ಲಿ ವ್ಯಾನ್ ಇನ್ನೊಬ್ಬನ ಕೈಗೆ ಹೋಗಿರುತ್ತದೆ. ಮನೆಗೆ ಬಂದು ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಸೆದು ಹೇಳಿದೆ. "ಒಂದೇ ದಾರಿ. ಅತ್ತೆ, ನೀವು ನಿಮ್ಮ ಮಗನಿಗೆ ಮನೆ ಬಾಡಿಗೆಗೆ ಕೊಡ್ಬೇಕು. ಇಬ್ಬರು ಸಾಕ್ಷಿ ಬೇಕು."

ಅತ್ತೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ನಮ್ಮವರು ತಲೆ ತಗ್ಗಿಸಿಕೊಂಡು ಕೂತಿದ್ದರು. ಆ ಮುದುಕಿಯ ಮುಖ ಹೊಸ ಸೀರೆ ಕಂಡ ಹಾಗೆ ಅರಳಿತು. "ಅಂದ್ರೆ ನಾನು ಓನರ್ರು?"

"ಯಾವತ್ತೂ ನೀನೇ ಅಲ್ವೇನಮ್ಮ" ಎಂದರು ನಮ್ಮವರು.

"ಯಾರೂ ಹೇಳಿರ್ಲಿಲ್ವಲ್ಲ! ಹಾಗಾದ್ರೆ ಬಾಡಿಗೆ ನಿಜವಾಗ್ಲೂ ಕೊಡ್ಬೇಕು. ಸುಳ್ಳು ಕಾಗದಕ್ಕೆ ನಾನು ಹೆಬ್ಬೆಟ್ಟು ಒತ್ತಲ್ಲ. ಮತ್ತೆ ನನ್ನದೊಂದು ಷರತ್ತು. ಒಬ್ಬ ಸಾಕ್ಷಿ ಮೇಲಿನವಳು."

"ಅವಳಾ? ಸತ್ರೂ ಬೇಡ!"

"ಬೇಡ ಅಂದ್ರೆ ಬೇಡ. ನನಗೇನು, ಮನೆ ಖಾಲಿ ಇಟ್ಕೋತೀನಿ."

ಆಗ ತಿಳಿಯಿತು ಇನ್ನೊಂದು ಕಥೆ. ಮೇಲಿನವಳು ತನ್ನ ಹೆಸರಿಗೆ ಗ್ಯಾಸ್ ಬೇಕೆಂದು ಏಜೆನ್ಸಿಗೆ ಅಲೆದಿದ್ದಳಂತೆ. ಬಿಲ್ಲಿನಲ್ಲಿ ಭಾವನ ಹೆಸರು, ರಸೀದಿಯಲ್ಲಿ ಅತ್ತೆಯ ಹೆಸರು, ನಿಮ್ಮ ಹೆಸರು ಎಲ್ಲಿದೆ ಎಂದು ಕೇಳಿ ವಾಪಸ್ ಕಳಿಸಿದ್ದರಂತೆ. ಬಾಡಿಗೆ ಕರಾರು ಇದ್ದರೆ ಅವರು ಒಪ್ಪುತ್ತಾರೆ. ಅವಳಿಗೂ ಓನರ್ ಇದೇ ಅತ್ತೆ, ಅವಳಿಗೂ ಸಾಕ್ಷಿ ಬೇಕು. ಅತ್ತೆ ಅವತ್ತೇ ಅವಳನ್ನು ಕರೆದು ಅಲ್ಲಿಯೂ ಅದೇ ಷರತ್ತು ಹಾಕಿ, ಸಾಕ್ಷಿ ಕೆಳಗಿನವಳೇ ಎಂದು ಹೇಳಿ ಮುಗಿಸಿದರು.

ನಾಲ್ಕು ಜನ ಒಂದೇ ಆಟೋದಲ್ಲಿ ಹೋದೆವು. ನಾನು ಈ ಕಿಟಕಿ, ಅವಳು ಆ ಕಿಟಕಿ, ಮಧ್ಯೆ ಅತ್ತೆ, ಮುಂದೆ ಆಟೋದವನ ಪಕ್ಕ ನಮ್ಮವರು. ಪತ್ರ ಬರೆಯುವವನು ಗಡಿಬಿಡಿಯ ಮನುಷ್ಯ, ಕಂಪ್ಯೂಟರಿನಲ್ಲಿ ಟಕಟಕ ಹೊಡೆಯುತ್ತ "ಗೋಡೆಗೆ ಮೊಳೆ ಹೊಡೆಯಬಾರದು, ಬೇರೆಯವರಿಗೆ ಒಳಬಾಡಿಗೆ ಕೊಡಬಾರದು... ಇನ್ನೇನಾದ್ರೂ ಸೇರಿಸಬೇಕಾ ಅಜ್ಜಿ?" ಎಂದ.

"ಹಾಕಪ್ಪ. ಮೇಲಿನವರು ಕೆಳಗಿನವರು ಮಾತು ಬಿಡಬಾರದು. ಬಿಟ್ರೆ ಮನೆ ಖಾಲಿ ಮಾಡಿಸ್ತೀನಿ."

ಅವನ ಬೆರಳು ನಿಂತಿತು. "ಅಜ್ಜಿ, ಹಾಗೆಲ್ಲ ಕರಾರಲ್ಲಿ ಬರಿಯಲ್ಲ."

"ಮನೆ ನಿಂದಾ ನಂದಾ?"

ಅವನು ಯೋಚಿಸಿ ಬರೆದ: "ಬಾಡಿಗೆದಾರರು ನೆರೆಯವರೊಂದಿಗೆ ಸೌಹಾರ್ದದಿಂದ ಇರತಕ್ಕದ್ದು." ಓದಿ ಹೇಳಿದ. ಅತ್ತೆ ಎರಡು ಸಲ ಓದಿಸಿಕೊಂಡರು. ವಾರಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ನಗು ಬಂದರೂ ಗೋಡೆಯ ಕಡೆ ತಿರುಗಿದೆ, ಅಷ್ಟು ಸುಲಭಕ್ಕೆ ಬಿಟ್ಟುಕೊಡುವವಳಲ್ಲ ನಾನು.

ನೋಂದಣಿ ಕಚೇರಿಯಲ್ಲಿ ಅಧಿಕಾರಿ ಕರಾರು ಓದುತ್ತ ಆ ಸಾಲಿನ ಹತ್ತಿರ ಬಂದಾಗ ಅತ್ತೆಯನ್ನೂ ಮಗನನ್ನೂ ನೋಡಿದರು. "ನೀವು ಇವರಿಗೆ ಏನಾಗ್ಬೇಕು?"

"ಓನರ್ರು" ಎಂದರು ಅತ್ತೆ, ಹೆಮ್ಮೆಯಿಂದ.

ಫೋಟೊ, ಬೆರಳಚ್ಚು, ಸಹಿ ಎಲ್ಲ ಆಯಿತು. ವಾರಗಿತ್ತಿ ನಮ್ಮ ಕರಾರಿಗೆ ಸಾಕ್ಷಿ ಹಾಕಿದಳು. ಎರಡನೇ ಸಾಕ್ಷಿಗೆ ಎದುರು ಅಂಗಡಿಯ ಜೆರಾಕ್ಸಿನವನು. ಮೇಲಿನವಳ ಗ್ಯಾಸಿನ ಕರಾರಿಗೆ ನಾನು ಸಹಿ ಮಾಡಿದೆ. ಅವಳ ಏಜೆನ್ಸಿಯವರು ನೋಂದಣಿ ಕೇಳದ ಕಾರಣ ಅವಳ ಕೆಲಸ ಛಾಪಾ ಕಾಗದಕ್ಕೇ ಮುಗಿಯಿತು. ಅವಳಿಗೆ ಸುಲಭ, ನಮಗೆ ಅಲೆದಾಟ. ಅದೂ ನನಗೆ ಸಿಟ್ಟೇ.

ನೋಂದಾಯಿಸಿದ ಕರಾರು ಕೊಟ್ಟ ಮೇಲೆ ಚೀಟಿಯಲ್ಲಿ ಹೊಸ ವಿಳಾಸ ಬಂತು. ಹದಿನಾಲ್ಕು, ಬಾರ್ ಗೀರ್ ಏನಿಲ್ಲ. ಬ್ಯಾಂಕಿನ ಹುಡುಗಿ ಅದನ್ನು ನೋಡಿ ಖಾತೆಯನ್ನು ಮತ್ತೆ ಚಾಲೂ ಮಾಡಿಕೊಟ್ಟಳು. ಉಳಿದದ್ದು ಶಾಲೆಯವರು ಮನೆ ನೋಡುವುದು.

ಅವತ್ತು ನಾನು ಒಳಗೆ ಮೆಷಿನ್ ತುಳಿಯುತ್ತಿದ್ದೆ, ಗಡಗಡ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಶಾಲೆಯ ಮೇಷ್ಟ್ರು ಗೇಟು ತೆಗೆದು ನೇರ ಮೆಟ್ಟಿಲು ಹತ್ತಿ ಮೇಲಿನ ಬಾಗಿಲು ಬಡಿದಿದ್ದಾರೆ. ವ್ಯಾನ್ ಡ್ರೈವರ್ ಇಲ್ಲಿ ವಾಸ ಇದಾರಾ ಎಂದು ಕೇಳಿದ್ದಾರೆ. ಅದೇ ಬಾಗಿಲು, ಅದೇ ಪ್ರಶ್ನೆ.

"ಇಲ್ಲಿಲ್ಲ ಸರ್" ಎಂದವಳು ಈ ಸಲ ಬಾಗಿಲು ಹಾಕಲಿಲ್ಲ. ಮಹಡಿಯ ಕಂಬಿಯ ಹತ್ತಿರ ಬಂದು ಬಗ್ಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಅಕ್ಕಾ! ಮೆಷಿನ್ ನಿಲ್ಸಿ! ಶಾಲೆಯವರು ಬಂದಿದಾರೆ, ಕೆಳಗೆ ಕಳಿಸ್ತಿದೀನಿ!"

ಅತ್ತೆಗೆ ಹೇಳಿ ಎನ್ನಲಿಲ್ಲ. ನನಗೇ ಕೂಗಿದಳು.

ನಾನು ಓಡಿ ಬಂದು ಮೇಲೆ ನೋಡಿದೆ. "ನೆಲ ಒರೆಸ್ತಿದೀಯಾ?"

"ಇಲ್ಲ, ಯಾಕೆ?"

"ಹಾಗಾದ್ರೆ ಇಳಿದು ಬಾ. ಅವರಿಗೆ ಕುಡಿಯೋಕೆ ಏನಾದ್ರೂ ಮಾಡ್ಬೇಕು, ನನ್ನ ಕೈ ತುಂಬ ದಾರ."

ಮೇಷ್ಟ್ರು ಕರಾರು ನೋಡಿದರು, ಚೀಟಿ ನೋಡಿದರು, ಒಳಗೆ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ ನಮ್ಮವರನ್ನು ನೋಡಿದರು. "ಇಲ್ಲೇ ವಾಸ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಡ" ಎಂದು ನಕ್ಕು, ಸೋಮವಾರದಿಂದ ಬರಲು ಹೇಳಿ ಹೋದರು.

ಈಗ ನಮ್ಮವರು ದಿನಾ ಸಂಜೆ ಮನೆಯಲ್ಲಿರುತ್ತಾರೆ. ಇಷ್ಟು ಹೊತ್ತು ಮನೆಯಲ್ಲಿರುವ ಗಂಡಸು ಎಷ್ಟು ತಲೆ ತಿನ್ನುತ್ತಾನೆ ಎಂದು ನನಗೆ ಯಾರೂ ಹೇಳಿರಲಿಲ್ಲ, ಅದು ಬೇರೆ ಮಾತು. ತಿಂಗಳ ಮೊದಲ ದಿನ ಅತ್ತೆ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಬಾಡಿಗೆಗೆ ಕಾಯುತ್ತಾರೆ. ಮೊದಲ ಬಾಡಿಗೆಯಲ್ಲಿ ಮೆತ್ತನೆಯ ಚಪ್ಪಲಿ ತರಿಸಿಕೊಂಡರು. ಮೊನ್ನೆ ನಾನೂ ವಾರಗಿತ್ತಿಯೂ ಬಟ್ಟೆ ಒಣಹಾಕುವ ಹಗ್ಗದ ವಿಷಯಕ್ಕೆ ಮತ್ತೆ ಗಂಟಲು ಹರಿದುಕೊಂಡೆವು. ಅತ್ತೆ ಚಪ್ಪಲಿ ಕಾಲಲ್ಲಿ ನೆಲ ತಟ್ಟಿ ಕೇಳಿದರು.

"ಏನಮ್ಮಾ, ಕರಾರು ತರ್ಲಾ?"

"ಬೇಡ ಬಿಡಿ, ಜಗಳ ಆಡ್ತಿದೀವಿ, ಮಾತು ಬಿಟ್ಟಿಲ್ಲ" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು.