ಮಲಗುವ ಬಸ್ಸಿನ ಕೊನೆಯ ಸ್ಟಾಪು

ಎರಡನೇ ತರಗತಿಯ ಮಕ್ಕಳ ಕುರ್ಚಿಯಲ್ಲಿ ಕೂತರೆ ದೊಡ್ಡವರ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಮಗಳ ಟೀಚರ್ ಕರೆಸಿದ್ದರಿಂದ ಬಂದಿದ್ದ ಅವಳ ಗಂಡ ಹಾಗೆಯೇ ಮುದುರಿ ಕೂತಿದ್ದ. ಸಿಟಿ ಬಸ್ಸಿನ ಕಂಡಕ್ಟರ್ ಅವನು; ಇಲ್ಲಿಂದ ನೇರವಾಗಿ ಮಧ್ಯಾಹ್ನದ ಪಾಳಿಗೆ ಹೋಗಬೇಕೆಂದು ಯೂನಿಫಾರಂ ಹಾಕಿಕೊಂಡೇ ಬಂದಿದ್ದ. ಪಕ್ಕದಲ್ಲಿ ಅವಳು, ತೋಳಿಗೆ ಅಂಟಿದ್ದ ನೂಲಿನ ಎಳೆಯೊಂದನ್ನು ಬಿಡಿಸಿ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ಮನೆಯಲ್ಲೇ ಬಟ್ಟೆ ಹೊಲಿಯುವವಳು. ಕೈ ಸುಮ್ಮನಿದ್ದರೆ ಅವಳಿಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಹೊಡೆದುಕೊಳ್ಳದೆ ಏನು ಮಾಡೀತು? ಹೆಡ್ ಮೇಡಂ ಗೇಟಿನ ಬಳಿಯೇ ನಿಲ್ಲಿಸಿ ಹೇಳಿದ್ದರು: "ನಿಮ್ಮ ಮಗಳು ಕ್ಲಾಸಲ್ಲಿ ಕೂತಿರ್ತಾಳೆ, ಪಾಠದಲ್ಲಿ ಇರಲ್ಲ. ಹೀಗೇ ಆದರೆ ಮುಂದಿನ ವರ್ಷವೂ ಇದೇ ಕ್ಲಾಸಲ್ಲಿ ಕೂರಿಸಬೇಕಾಗುತ್ತೆ." ಮಗಳು ಬಟಾಣಿ. ಹುಟ್ಟಿದಾಗ ಅಷ್ಟೇ ಗುಂಡಗಿದ್ದಳೆಂದು ಅಪ್ಪ ಇಟ್ಟ ಹೆಸರು. ಮನೆಯಲ್ಲಿ ಮಾತಿಗೆ ಮಾತು ಕೊಡುವ ಆ ಹುಡುಗಿ ಮಂದಬುದ್ಧಿಯವಳೇ? ಈ ಪ್ರಶ್ನೆಯನ್ನು ಅವಳು ಗಂಡನ ಮುಂದೆಯೂ ಬಾಯಿಬಿಟ್ಟು ಕೇಳಿರಲಿಲ್ಲ.

ಕ್ಲಾಸ್ ಟೀಚರ್ ತಮ್ಮ ದೊಡ್ಡ ಕುರ್ಚಿ ಬಿಟ್ಟು ಬಂದು, ಅವರೂ ಒಂದು ಪುಟ್ಟ ಕುರ್ಚಿ ಎಳೆದುಕೊಂಡು ಕೂತರು. ಅದನ್ನು ನೋಡಿಯೇ ಅವಳ ಉಸಿರು ಅರ್ಧ ಹಗುರಾಯಿತು.

"ಅವಳು ದಡ್ಡಿ ಅಲ್ಲ," ಎಂದರು ಟೀಚರ್, ತಾಯಿಯ ಮನಸ್ಸು ಓದಿದವರ ಹಾಗೆ. "ಅದು ಮೊದಲು ತಲೇಲಿರಲಿ. ಅವಳಿಗೆ ಸುಸ್ತು. ಬೆಳಿಗ್ಗೆ ಕಣ್ಣು ಎಳೀತಿರುತ್ತೆ. ಆಮೇಲೆ ಇದ್ದಕ್ಕಿದ್ದ ಹಾಗೆ ಕೂತಲ್ಲಿ ಕೂರಲ್ಲ, ಪಕ್ಕದವಳನ್ನ ತಿವೀತಾಳೆ, ಸುಮ್ಮಸುಮ್ಮನೆ ಅಳ್ತಾಳೆ. ದೊಡ್ಡೋರು ನಿದ್ದೆಗೆಟ್ಟರೆ ತೂಕಡಿಸ್ತೀವಿ. ಮಕ್ಕಳು ಎಷ್ಟೋ ಸಲ ಕುಣಿಯೋಕೆ ಶುರು ಮಾಡ್ತಾವೆ. ನೋಡೋರು ತುಂಟತನ ಅಂದ್ಕೋತಾರೆ."

"ನಿದ್ದೆ ವಿಷಯ ಅಲ್ಲ ಟೀಚರ್," ಅವಳು ತಟ್ಟನೆ ಹೇಳಿದಳು. ಈ ಒಂದು ವಿಷಯದಲ್ಲಿ ಅವಳಿಗೆ ಅಳುಕಿರಲಿಲ್ಲ. "ಎಂಟೂವರೆ ಅಂದ್ರೆ ಎಂಟೂವರೆಗೆ ಹಾಸಿಗೇಲಿ ಇರ್ತಾಳೆ. ನಮ್ಮ ಬೀದಿಯಲ್ಲಿ ಯಾರ ಮಕ್ಕಳೂ ಅಷ್ಟು ಬೇಗ ಮಲಗಲ್ಲ."

ಟೀಚರ್ ಅಲ್ಲವೆನ್ನಲಿಲ್ಲ. "ಒಳ್ಳೇದು. ಊಟ ಆದಮೇಲೆ ಏನೇನಾಗುತ್ತೆ ಅಂತ ಹೇಳಿ. ನಾನೇ ನಿಮ್ಮ ಮನೇಲಿ ಕೂತಿದ್ದೀನಿ ಅಂದ್ಕೊಳ್ಳಿ."

ಅವಳು ಹೇಳಿದಳು. ಊಟ, ಕೈ ತೊಳೆಯುವುದು, ಗೋಡೆ ಪಕ್ಕದ ಮಂಚ. ಅದೇ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ದೀಪ ಹಚ್ಚಿಕೊಂಡು ಅವಳು ಹೊಲಿಯುತ್ತಾಳೆ, ಮಗಳು ಗೋಡೆಗೆ ಮುಖ ಮಾಡಿ ಅಲ್ಲಾಡದೆ ಮಲಗುತ್ತಾಳೆ. ಕೊನೆಯ ಟ್ರಿಪ್ಪು ಮುಗಿಸಿದ ಸಿಬ್ಬಂದಿಯನ್ನು ಡಿಪೋ ಬಸ್ಸು ರಾತ್ರಿ ಹನ್ನೊಂದರ ಹೊತ್ತಿಗೆ ಮನೆಮನೆ ಹತ್ತಿರ ಇಳಿಸುತ್ತ ಬರುತ್ತದೆ. ಬೀದಿಯ ತುದಿಯಲ್ಲಿ ಅದರ ಸದ್ದು ಕೇಳಿದರೆ ಮಗಳು ಎದ್ದು ಕೂರುತ್ತಾಳೆ. ತಾನು ಅಡುಗೆಮನೆಯಲ್ಲಿ ಸಾರು ಬಿಸಿ ಮಾಡುವಷ್ಟು ಹೊತ್ತು ಅಪ್ಪ ಮಗಳಿಗೆ ಬಸ್ಸಾಟ. ಮಂಚವೇ ಬಸ್ಸು. ಮಗಳು ಕಂಡಕ್ಟರ್, ಅಪ್ಪ ಚಿಲ್ಲರೆ ಇಲ್ಲದ ತರಲೆ ಪ್ರಯಾಣಿಕ.

"ಐದು ನಿಮಿಷ ಅಷ್ಟೇ ಟೀಚರ್," ಎಂದ ಗಂಡ.

ಅವಳು ಅವನ ಮುಖ ನೋಡಿದಳು. "ರೀ, ನಿಮ್ಮ ಐದು ನಿಮಿಷದಲ್ಲಿ ನಾನು ಒಂದು ರವಿಕೆ ಅಂಚು ಮುಗಿಸ್ತೀನಿ."

ಟೀಚರ್ ನಕ್ಕರು. ಆಮೇಲೆ ಕಿಟಕಿಯ ಕಡೆ ಕೈ ತೋರಿಸಿದರು. ಆಚೆ ರಸ್ತೆ. "ಕ್ಲಾಸಲ್ಲಿ ನಿಮ್ಮ ಮಗಳು ಕಣ್ಣು ಮುಚ್ಚಿ ತೂಕಡಿಸ್ತಿದ್ರೂ ಸಿಟಿ ಬಸ್ಸು ಹೋದರೆ ಥಟ್ ಅಂತ ತಲೆ ಎತ್ತುತ್ತಾಳೆ. ಲಾರಿ ಹೋದರೆ ಇಲ್ಲ, ಕಾರು ಹೋದರೆ ಇಲ್ಲ. ಯಾಕಪ್ಪಾ ಅಂತ ಎಷ್ಟೋ ದಿನದಿಂದ ನೋಡ್ತಿದ್ದೆ. ಈಗ ಗೊತ್ತಾಯ್ತು. ಅಮ್ಮ, ಒಂದು ಮಾತು ಕೇಳ್ತೀನಿ. ಬಸ್ಸಿನ ಸದ್ದಿಗೆ ಅವಳು ಏಳ್ತಾಳಾ? ಅಥವಾ ಅಲ್ಲಿವರೆಗೂ ಎದ್ದೇ ಇರ್ತಾಳಾ?"

ಬೆರಳಿಗೆ ಸುತ್ತಿದ ನೂಲು ಹಾಗೇ ನಿಂತಿತು. ಗೋಡೆಗೆ ತಿರುಗಿದ ಆ ಪುಟ್ಟ ಬೆನ್ನನ್ನು ಅವಳು ದಿನಾ ನೋಡುತ್ತಿದ್ದಳು. ಮುಖವನ್ನು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಮಲಗಿದ ಹೊತ್ತನ್ನೇ ನಿದ್ದೆ ಹೋದ ಹೊತ್ತೆಂದು ಲೆಕ್ಕ ಹಿಡಿದು, ಅದನ್ನೇ ಬೀದಿಯವರ ಮುಂದೆ ಹೇಳಿಕೊಂಡು ತಿರುಗಿದ್ದಳು.

"ತಪ್ಪು ಯಾರದ್ದೂ ಅಲ್ಲ," ಟೀಚರ್ ದನಿ ತಗ್ಗಿಸಿದರು. "ಅಪ್ಪನ್ನ ನೋಡಬೇಕು ಅನ್ನೋ ಮಗುವಿನ ಆಸೆಗೆ ಯಾರು ಬೈತಾರೆ? ಆದರೆ ಈ ವಯಸ್ಸಿಗೆ ರಾತ್ರಿ ಒಂಬತ್ತು ಗಂಟೆಯಷ್ಟಾದರೂ ನಿದ್ದೆ ಬೇಕು, ಇನ್ನೂ ಹೆಚ್ಚು ಬೇಕಾಗೋ ಮಕ್ಕಳೂ ಇದ್ದಾರೆ. ಇವಳಿಗೆ ಸಿಗ್ತಿರೋದು ಏಳು ದಾಟಲ್ಲ. ಓದಿದ್ದು ತಲೇಲಿ ನಿಲ್ಲೋದಕ್ಕೂ ನಿದ್ದೆ ಬೇಕು."

"ಭಾನುವಾರ ಹತ್ತು ಗಂಟೆ ತನಕ ಮಲಗಿಸ್ತೀವಲ್ಲ ಟೀಚರ್?" ಎಂದ ಗಂಡ. "ಬಾಕಿ ತೀರುತ್ತೆ ಅಂತ."

"ಅದಕ್ಕೇ ಸೋಮವಾರ ಅವಳನ್ನ ಎಬ್ಬಿಸೋಕೆ ನೀವು ಯುದ್ಧ ಮಾಡ್ತೀರಿ. ಭಾನುವಾರ ತಡವಾಗಿ ಎದ್ದ ಮೈಗೆ ಆ ರಾತ್ರಿ ಬೇಗ ನಿದ್ದೆ ಹತ್ತಲ್ಲ. ಮೈ ಒಳಗೂ ಒಂದು ಗಡಿಯಾರ ಇದೆ. ರಜೆ ಇರಲಿ, ಶಾಲೆ ಇರಲಿ, ಮಲಗೋ ಹೊತ್ತು, ಏಳೋ ಹೊತ್ತು ಹೆಚ್ಚುಕಮ್ಮಿ ಒಂದೇ ಇರಬೇಕು. ಮಲಗೋ ಮುಂಚೆ ದಿನಾ ಅದೇ ಕೆಲಸ, ಅದೇ ಸಾಲಲ್ಲಿ. ದೀಪ ಸಣ್ಣಗೆ. ಟಿ.ವಿ., ಮೊಬೈಲು ಒಂದು ಗಂಟೆ ಮುಂಚೇನೇ ಬಂದ್. ಸಂಜೆ ಟೀ ಕೊಡ್ತೀರಾ?"

"ಹಾಲಿಗೆ ಬಣ್ಣ ಬರೋಷ್ಟು," ಎಂದಳು ಅವಳು ಸಣ್ಣ ದನಿಯಲ್ಲಿ.

"ಆ ಬಣ್ಣ ಬೇಡ. ಗೊರಕೆ ಹೊಡೀತಾಳಾ? ಬಾಯಿ ತೆಗೆದು ಉಸಿರಾಡ್ತಾಳಾ?" ಇಲ್ಲವೆಂದು ಅವಳು ತಲೆಯಾಡಿಸಿದಳು. "ಒಂದು ತಿಂಗಳು ಮಾಡಿ ನೋಡಿ. ಹೆಡ್ ಮೇಡಂ ಹತ್ತಿರ ನಾನು ಅಷ್ಟು ಸಮಯ ಕೇಳ್ಕೊಂಡಿದ್ದೀನಿ. ನಿದ್ದೆ ಸರಿಹೋದ್ರೂ ಹೀಗೇ ಇದ್ದರೆ ಡಾಕ್ಟರ್‌ಗೆ ತೋರಿಸೋಣ. ಕಣ್ಣು, ಕಿವಿ, ರಕ್ತ ಎಲ್ಲಾ ನೋಡ್ತಾರೆ. ಎಲ್ಲಾದಕ್ಕೂ ನಿದ್ದೇನೇ ಕಾರಣ ಅಂತ ನಾನು ಹೇಳಲ್ಲ. ಮೊದಲು ಇದನ್ನ ನೋಡೋಣ ಅಂತ."

ಇಷ್ಟು ತಿಳಿದವರೂ ಹೀಗೆ ಸಮಕ್ಕೆ ಕೂತು, ಬೈಯದೆ ಮಾತಾಡಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಗೇಟು ದಾಟಿದ ಮೇಲೆ ಗಂಡ ಅಂದ: "ಅಲ್ಲ ಕಣೇ, ನಾನು ಅವಳನ್ನ ನೋಡೋದೇ ಆವಾಗ. ಅದೂ ಬೇಡ ಅಂದ್ರೆ ಅವಳಿಗೆ ನಾನು ಅಪ್ಪನೋ, ಬಾಡಿಗೆದಾರನೋ?"

ಅವಳು ನೂಲನ್ನು ಮತ್ತೆ ಬೆರಳಿಗೆ ಸುತ್ತಿಕೊಂಡಳು.

ಉತ್ತರ ತಂದವನು ಅವನೇ. ವಾರದ ರಜೆಯ ದಿನ ಮಗಳನ್ನು ಮಂಚದ ಮೇಲೆ ಕೂರಿಸಿಕೊಂಡು ಗಂಭೀರವಾಗಿ ಹೇಳಿದ: "ನೋಡಮ್ಮಾ ಕಂಡಕ್ಟರ್, ರೂಟು ಬದಲಾಗಿದೆ. ರಾತ್ರಿ ಬಸ್ಸು ರದ್ದು. ನನ್ನ ಬಸ್ಸಾಟ ಇನ್ನು ಬೆಳಿಗ್ಗೆ, ಮನೆಯಿಂದ ಶಾಲೆವರೆಗೆ. ಸಂಜೆ ಅಮ್ಮನ ಮಲಗುವ ಬಸ್ಸು ಬಿಡುತ್ತೆ. ಮೊದಲ ಸ್ಟಾಪು ಬಚ್ಚಲು. ಆಮೇಲೆ ಹಲ್ಲು, ನೀರು, ಕಥೆ. ಕೊನೇ ಸ್ಟಾಪು ದೀಪ. ಈ ಬಸ್ಸು ಹಿಂದಕ್ಕೆ ಹೋಗಲ್ಲ."

"ನೀರಿನ ಸ್ಟಾಪು ಬಿಟ್ಟುಹೋದ್ರೆ?"

"ನಾಳೆ ಟಿಕೆಟ್ ತಗೋ."

ಬಸ್ಸು ಸುಲಭವಾಗಿ ಓಡಲಿಲ್ಲ. ಹೊಲಿಗೆ ಯಂತ್ರವನ್ನು ಅವಳು ಅಡುಗೆಮನೆಗೆ ಸಾಗಿಸಿದಳು. ಆದರೂ ಅದರ ಸದ್ದು ಗೋಡೆ ದಾಟುತ್ತಿದ್ದುದರಿಂದ, ಮಗಳು ಮಲಗಿದ ಮೇಲೆ ಗುಂಡಿ, ಅಂಚು ಎಂದು ಬರೀ ಕೈಹೊಲಿಗೆ. ಮೊದಲ ವಾರ ಮಗಳು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು, ಅಪ್ಪ ಬರಲಿ ಎಂದು ಹಟ ಹಿಡಿದು ಅತ್ತಳು. ಅವಳು ಪಕ್ಕದಲ್ಲಿ ಕೂತು ಬೆನ್ನು ಸವರುತ್ತ, ಒಂದೇ ಮಾತನ್ನು ಒಂದೇ ದನಿಯಲ್ಲಿ ಹೇಳಿದಳು: "ಅಪ್ಪ ಬೆಳಿಗ್ಗೆ ಇರ್ತಾರೆ." ಶಾಲೆಯಲ್ಲಿ ಸುಸ್ತು ಇನ್ನೂ ಹೆಚ್ಚಾದಂತೆ ಕಂಡಿತು. ಅವಳು ಓಡಿಹೋಗಿ ಟೀಚರನ್ನು ಕಂಡಳು.

"ಹಳೇ ಅಭ್ಯಾಸ ಮೊದಲು ಜಗಳ ಆಡುತ್ತೆ," ಎಂದರು ಅವರು. "ನೀವು ಬೆದರಬೇಡಿ. ಬೈಬೇಡಿ, ಬದಲಾಯಿಸಲೂ ಬೇಡಿ. ಅಪ್ಪ ಬೆಳಿಗ್ಗೆ ಏಳ್ತಿದ್ದಾರಾ?"

ಏಳುತ್ತಿದ್ದ. ಅದನ್ನೇ ಅವಳು ನಂಬಲಾರದೆ ನೋಡುತ್ತಿದ್ದಳು. ಕಣ್ಣು ಕೆಂಪಗಾಗಿದ್ದರೂ ಅಪ್ಪ ಬಾಗಿಲಲ್ಲಿ ನಿಂತು, "ಹತ್ತಿ ಹತ್ತಿ, ಮುಂದೆ ಹೋಗಿ" ಎನ್ನುತ್ತಿದ್ದ. ಮಗಳು ಬ್ಯಾಗು ನೇತುಹಾಕಿಕೊಂಡು ದಾರಿಯುದ್ದಕ್ಕೂ ಅವನಿಗೆ ಟಿಕೆಟ್ ಹರಿಯುತ್ತಿದ್ದಳು. ಅವಳನ್ನು ಬಿಟ್ಟು ಬಂದು ಅವನು ಮಧ್ಯಾಹ್ನದ ತನಕ ಮತ್ತೆ ಮಲಗುತ್ತಿದ್ದ. ಭಾನುವಾರವೂ ಅದೇ ಹೊತ್ತಿಗೆ ಏಳುತ್ತಿದ್ದ, ಎಬ್ಬಿಸುತ್ತಿದ್ದ.

ಬರಬರುತ್ತ ಕಥೆಯ ಸ್ಟಾಪಿನಲ್ಲೇ ಮಗಳ ಕಣ್ಣು ಮುಚ್ಚತೊಡಗಿತು. ಈಗ ಅವಳು ಬಗ್ಗಿ ಮುಖ ನೋಡುತ್ತಿದ್ದಳು. ತುಟಿ ಸಡಿಲಾಗಿ, ಉಸಿರು ನೀಳವಾದ ಮೇಲೆಯೇ ಎದ್ದು ಬರುತ್ತಿದ್ದಳು. ಅರ್ಥವಾಗದ ಸಂಗತಿ ಒಂದೇ: ಗಂಡ ಬಂದರೂ ಮಗಳಿಗೆ ಎಚ್ಚರವಾಗುತ್ತಿರಲಿಲ್ಲ. ಬಸ್ಸಿನ ಸದ್ದೇ ಕೇಳುತ್ತಿರಲಿಲ್ಲ. ಹೊಸ ಬಸ್ಸು ಕೊಟ್ಟಿರಬೇಕೆಂದುಕೊಂಡಳು.

ತಿಂಗಳು ತುಂಬಿದ ದಿನ ಟೀಚರ್ ಬರಹೇಳಿದ್ದರು. ಮೊದಲು ಗಿರಾಕಿಗೆ ಕೊಡಬೇಕಿದ್ದ ಬಟ್ಟೆಗಳ ಗಂಟು ಹೊತ್ತು ಅವಳು ಬಸ್ಸು ಹತ್ತಿದರೆ, ಗಂಡನ ಜೊತೆ ಕೆಲಸ ಮಾಡುವ, ಅಂದು ಬೆಳಗಿನ ಪಾಳಿಯಲ್ಲಿದ್ದ ಡ್ರೈವರ್ ಸಿಕ್ಕ.

"ಅತ್ತಿಗೆ, ನಮ್ಮಣ್ಣನ ಮೇಲೆ ಏನು ಕೋಪ ನಿಮಗೆ?" ಎಂದ ಕನ್ನಡಿಯಲ್ಲೇ ನೋಡುತ್ತ. "ಡಿಪೋ ಬಸ್ಸಲ್ಲಿ ಮನೆ ಬಾಗಿಲಿಗೇ ಇಳಿಸ್ತೀವಿ ಅಂದ್ರೂ ಕೇಳಲ್ಲ. ಮೇನ್ ರೋಡಲ್ಲೇ ಇಳಿದು ಅಷ್ಟು ದೂರ ನಡ್ಕೊಂಡು ಹೋಗ್ತಾನೆ. ಮಳೆ ಬಂದ ದಿನವೂ ಅಷ್ಟೇ. 'ನಮ್ಮ ಬೀದಿಗೆ ಬಸ್ಸು ತರಬೇಡ್ರೋ' ಅಂತ ಕೈ ಮುಗೀತಾನೆ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಬಾಗಿಲ ಬಳಿ ಅವನು ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದುದು, ಕೆಸರಾಗಿದೆ ಎಂದು ಅವನು ಹೇಳಿದ್ದು, ತಾನು ನಂಬಿದ್ದು ನೆನಪಾಯಿತು. ಅವಳು ಎಲ್ಲದಕ್ಕೂ ದಿಗಿಲು ಬೀಳುವವಳು, ಎಲ್ಲವನ್ನೂ ಗಮನಿಸುವವಳು. ಆ ಮನುಷ್ಯ ಅವಳ ಕಣ್ಣಿಗೂ ಬೀಳದೆ ಇಷ್ಟು ದಿನ ನಡೆದಿದ್ದ.

ಶಾಲೆಯಲ್ಲಿ ಟೀಚರ್ ಬಾಗಿಲಿಗೇ ಬಂದರು. "ಹೆಡ್ ಮೇಡಂ ನಿನ್ನೆ ಬಂದು ಅವಳ ಪಕ್ಕದಲ್ಲೇ ಕೂತು ಓದಿಸಿದ್ರು. ಮುಂದಿನ ಕ್ಲಾಸಿಗೆ ಕಳಿಸೋಣ ಅಂದ್ರು. ಆದರೆ ನಾನು ಗೆದ್ದೆ ಅನಿಸಿದ್ದು ಆವಾಗಲ್ಲ." ಬೆರಳನ್ನು ತುಟಿಗೆ ಇಟ್ಟು ಅವಳನ್ನು ಒಳಗೆ ಬಗ್ಗಿ ನೋಡಲು ಹೇಳಿದರು.

ಬಟಾಣಿ ಪುಸ್ತಕದ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದಳು. ಆಚೆ ರಸ್ತೆಯಲ್ಲಿ ಸಿಟಿ ಬಸ್ಸೊಂದು ಗುಡುಗುಡು ಸದ್ದು ಮಾಡುತ್ತ ಬಂತು, ಗಾಜು ನಡುಗಿಸಿತು, ಹೋಯಿತು. ಹುಡುಗಿ ತಲೆ ಎತ್ತಲಿಲ್ಲ.

ಮನೆಗೆ ಬಂದು ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಡ್ರೈವರನ ಮಾತೊಂದನ್ನು ಬಿಟ್ಟು. ಅದನ್ನು ಆಡಿದರೆ ಸವೆದುಹೋದೀತೆಂದು ಅವಳಿಗೆ ಅನಿಸಿತು.

"ಬಸ್ಸು ಹೋದ್ರೂ ನೋಡಲಿಲ್ವಾ?" ಅವನು ಮುಖ ಗಂಟಿಕ್ಕಿದ. "ಇಷ್ಟು ಬೇಗ ನಮ್ಮ ಡಿಪಾರ್ಟ್‌ಮೆಂಟಿಗೆ ಮರ್ಯಾದೆ ಹೋಯ್ತು ನೋಡು." ಹಾಗೆಂದು ನಗುತ್ತಲೇ ಕಣ್ಣೊರೆಸಿಕೊಂಡು, ಪಾಳಿಗೆ ಹೊರಟ.

ಅವಳು ಬಾಗಿಲಲ್ಲಿ ಇಟ್ಟಿದ್ದ ಅವನ ಚಪ್ಪಲಿಯ ದೂಳು ಒರೆಸಿ, ಕಾಲ ಮುಂದೆ ಇಟ್ಟಳು. "ಇದೇನೇ ಹೊಸದು?" ಎಂದ ಅವನು.

"ತುಂಬಾ ನಡೆದಿದೆ," ಎಂದಳು. "ನಾಳೆ ಹೊಸದು ತಗೊಳ್ಳಿ. ಸದ್ದು ಮಾಡದಿರೋದು."